ಶೇಂಗಾ ದರ ಶೇ. 4 ಏರಿದರೆ ಸಾಕು

ಚಳ್ಳಕೆರೆ ಕಡೆಯ ಯುವಕರೊಬ್ಬರು ಎಣ್ಣೆ ಗಾಣ ಹಾಕಲು 35 ಲಕ್ಷ ಸಾಲಕ್ಕೆಂದು ಪ್ರಾಜೆಕ್ಟ್ ರಿಪೋರ್ಟ್ ತಂದಿದ್ದರು. ಐದು ವರ್ಷದ ಅವಧಿ, ಶೇ. 10.5 ಬಡ್ಡಿ; ವರ್ಷಕ್ಕೆ ಕಂತು ಸುಮಾರು 9 ಲಕ್ಷ.

ಲೆಕ್ಕ ಸರಳವಾಗಿತ್ತು. ಕ್ವಿಂಟಲ್ ಶೇಂಗಾ ಬೀಜಕ್ಕೆ 11,000 ರೂಪಾಯಿ. ಅದರಿಂದ 40 ಕೆ.ಜಿ. ಎಣ್ಣೆ, ಕೆ.ಜಿ.ಗೆ 280ರಂತೆ 11,200. ಹಿಂಡಿಯಿಂದ 2,500. ಕ್ವಿಂಟಲಿಗೆ ಉಳಿಯುವುದು 2,700. ವರ್ಷಕ್ಕೆ 1,200 ಕ್ವಿಂಟಲ್ ಅರೆದರೆ 32.4 ಲಕ್ಷ, ಕೂಲಿ, ಬಾಡಿಗೆ, ಕರೆಂಟು ಎಲ್ಲ ಸೇರಿ 18 ಲಕ್ಷ ಕಳೆದರೆ 14.4 ಲಕ್ಷ. ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಕಂತಿನ 1.6 ಪಟ್ಟು ಹಣ ಕೈಯಲ್ಲಿದೆ. ಬ್ಯಾಂಕಿನವರು ಡಿ.ಎಸ್.ಸಿ.ಆರ್. ಎನ್ನುವುದು ಇದಕ್ಕೇ.

"ಗಿರಾಕಿ ಬರದಿದ್ರೆ ಏನ್ ಗತಿ ಅನ್ನೋದೇ ಚಿಂತೆ ಸಾರ್" ಎಂದರು. ಸರಿ, ಒಂದೊಂದನ್ನೇ ಅಲುಗಾಡಿಸಿ ನೋಡಿದೆವು, ಉಳಿದದ್ದನ್ನು ಮುಟ್ಟದೆ. ವ್ಯಾಪಾರ ಶೇ. 10 ಇಳಿದರೂ ಈ ಅನುಪಾತ 1.24 ಉಳಿಯಿತು. ಬೀಜದ ದರ ಶೇ. 10 ಏರಿಸಿದೆವು: 13.2 ಲಕ್ಷ ಹೋಗಿ, ಕೈಯಲ್ಲಿ ಉಳಿದದ್ದು 1.2 ಲಕ್ಷ! ಅನುಪಾತ ಸರಿಯಾಗಿ 1ಕ್ಕೆ ಇಳಿಯಲು ಕ್ವಿಂಟಲಿಗೆ 450 ರೂಪಾಯಿ, ಅಂದರೆ ಶೇ. 4 ಏರಿದರೆ ಸಾಕು. ಮಾರುಕಟ್ಟೆಯಲ್ಲಿ ಅಷ್ಟು ಏರಲು ಬಹಳ ದಿನ ಬೇಕಿಲ್ಲ. ಗಾಣದ ಕಸುಬು ನಿಂತಿರುವುದೇ ಬೀಜದ ದರಕ್ಕೂ ಎಣ್ಣೆಯ ದರಕ್ಕೂ ನಡುವಿನ ಸಣ್ಣ ಅಂತರದ ಮೇಲೆ. ಅವರ ಚಿಂತೆ ಮಾತ್ರ ಗಿರಾಕಿಯ ಮೇಲಿತ್ತು.

ಆದರೆ ಬೀಜದ ದರ ಒಂದೇ ಏರಿ, ಮಿಕ್ಕದ್ದೆಲ್ಲ ಇದ್ದಲ್ಲೇ ಇರುವುದಿಲ್ಲವಲ್ಲ. ಹಾಗಾಗಿ ಕೆಟ್ಟ ಸನ್ನಿವೇಶವನ್ನು ಒಂದು ವರ್ಷದ ಕಥೆಯಂತೆ ಬರೆಯಬೇಕು. ನಾನು ನೋಡುವ ಎಷ್ಟೋ ರಿಪೋರ್ಟುಗಳಲ್ಲಿ ಆದಾಯ, ಖರ್ಚು ಎರಡನ್ನೂ ಶೇ. 10 ಇಳಿಸಿ 'ವರ್ಸ್ಟ್ ಕೇಸ್' ಎಂದು ಬರೆದಿರುತ್ತಾರೆ. ಖರ್ಚೂ ತಾನಾಗಿ ಇಳಿಯುವ ಕೆಟ್ಟ ವರ್ಷವನ್ನು ನಾನಂತೂ ಕಂಡಿಲ್ಲ.

ನಮ್ಮ ಕಥೆ ಬರಗಾಲದ್ದು. ಬೀಜ 12,500ಕ್ಕೆ ಏರುತ್ತದೆ. ಎಣ್ಣೆಯ ದರವನ್ನೂ 305ಕ್ಕೆ ಏರಿಸುತ್ತೀರಿ, ಆದರೆ ಅದಕ್ಕಿಂತ ಮೇಲೆ ಹೋದರೆ ಗಿರಾಕಿ ಪ್ಯಾಕೆಟ್ ಎಣ್ಣೆಗೆ ಹೊರಳುತ್ತಾನೆ. ಇಷ್ಟಕ್ಕೇ ವ್ಯಾಪಾರ ಶೇ. 10 ಕುಗ್ಗುತ್ತದೆ. ಉಳಿಯುವುದು 5.76 ಲಕ್ಷ, ಅನುಪಾತ 0.64. ಒಳ್ಳೆಯ ಸನ್ನಿವೇಶಕ್ಕೂ ಇದೇ ನಿಯಮ: ಬೆಳೆ ಚೆನ್ನಾಗಿ ಬಂದು ಬೀಜ 10,400ಕ್ಕೆ ಇಳಿದರೆ ಎಣ್ಣೆಯೂ 270ಕ್ಕೆ ಇಳಿಯುತ್ತದೆಂದು ಹಿಡಿದೆವು. ಕ್ವಿಂಟಲಿಗೆ ಹೆಚ್ಚಿಗೆ ಸಿಕ್ಕಿದ್ದು 200 ರೂಪಾಯಿ ಮಾತ್ರ.

ಬರಗಾಲದ ಕಾಲಂ ನೋಡಿದ ಮೇಲೆ ಅರ್ಜಿಯನ್ನೇ ಬದಲಿಸಿದೆವು. ಅವಧಿ ಏಳು ವರ್ಷವಾಯಿತು, ವರ್ಷದ ಕಂತು ಸುಮಾರು 7.1 ಲಕ್ಷಕ್ಕೆ ಇಳಿಯಿತು. ಒಟ್ಟು ಬಡ್ಡಿ ಹೆಚ್ಚುತ್ತದೆ, ನಿಜ. ಆದರೆ ಬರದ ವರ್ಷದ ಕೊರತೆ 3.24 ಲಕ್ಷದಿಂದ ಸುಮಾರು 1.3 ಲಕ್ಷಕ್ಕೆ ಬಂತು. ಅಷ್ಟನ್ನು ಮೊದಲ ವರ್ಷದ ಉಳಿಕೆಯಲ್ಲೇ ಠೇವಣಿ ಇಡುವುದಾಗಿ ಅರ್ಜಿಯಲ್ಲಿ ಬರೆದೆವು.