ಆ್ಯಕ್ಷನ್ ಬಿಟ್ಟು ಬೇರೇನೂ ನೋಡದ ತಮ್ಮನಿಗೆ ಮೊದಲ ಕ್ರೈಂ ಸೀರೀಸ್ ಯಾವುದು?

ಪ್ರಶ್ನೆ: ನಾವು ಕಾರವಾರದವರು. ನನ್ನ ತಮ್ಮ ಬೈತಖೋಲದಿಂದ ಬೋಟಿಗೆ ಹೋಗ್ತಾನೆ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್ ಇರೋದ್ರಿಂದ ಮನೆಯಲ್ಲೇ ಇರ್ತಾನೆ. ರಾತ್ರಿಯಾದ್ರೆ ಟಿವಿಯಲ್ಲಿ ಬರೀ ಹೊಡೆದಾಟದ ಸಿನಿಮಾ. ನನಗೆ ನಿಧಾನವಾಗಿ ಬಿಚ್ಚಿಕೊಳ್ಳೋ ಕ್ರೈಂ ಸೀರೀಸ್ ಇಷ್ಟ. ಹೋದ ವರ್ಷ ಒಂದು ಹಾಕಿದ್ದೆ, ಎರಡನೇ ಎಪಿಸೋಡಿಗೇ ನಿದ್ದೆ ಹೋದ. ಈ ಮಳೆಗಾಲದಲ್ಲಿ ಅವನ ಜೊತೆ ಕೂತು ನೋಡೋ ಹಾಗೆ ಒಂದು ಹೇಳ್ತೀರಾ?

ಉತ್ತರ: ಹೇಳ್ತೇನೆ. 'ದಹಾಡ್' ಹಾಕಿ. 2023ರ ಮೇ ತಿಂಗಳಲ್ಲಿ ಪ್ರೈಮ್ ವಿಡಿಯೋದಲ್ಲಿ ಬಂದ ಹಿಂದಿ ಸೀರೀಸ್, ಒಟ್ಟು ಎಂಟು ಎಪಿಸೋಡ್. ಕಾರವಾರದವರಿಗೆ ಹಿಂದಿ ತೊಡಕಲ್ಲ, ಹಾಗಾಗಿ ಭಾಷೆಯ ಚಿಂತೆ ಇಲ್ಲ. ಆದರೆ ಇದನ್ನೇ ಯಾಕೆ ಹೇಳಿದೆ ಅನ್ನೋದು ಹೆಸರಿಗಿಂತ ಮುಖ್ಯ. ಅದು ಗೊತ್ತಾದ್ರೆ ಮುಂದಿನದನ್ನು ನೀವೇ ಆರಿಸಬಹುದು.

ಆ್ಯಕ್ಷನ್ ಸಿನಿಮಾದಲ್ಲಿ ವಿಲನ್ ಯಾರು ಅಂತ ನಾವು ಯಾವತ್ತಾದ್ರೂ ಹುಡುಕಿದ್ದೇವಾ? ಇಲ್ಲ. ಮೊದಲ ಅರ್ಧ ಗಂಟೆಯಲ್ಲೇ ಅವನ ಮುಖ ನೋಡಿರ್ತೇವೆ, ಅವನು ಏನು ಮಾಡಿದ ಅಂತಲೂ ಗೊತ್ತಿರ್ತದೆ. ಕಾಯೋದು ಒಂದಕ್ಕೇ: ಇವನು ನಾಯಕನ ಕೈಗೆ ಯಾವಾಗ ಸಿಗ್ತಾನೆ? ನಿಮ್ಮ ತಮ್ಮ ಇಷ್ಟು ವರ್ಷ ನೋಡಿದ ಸಿನಿಮಾಗಳು ಅವನಿಗೆ ಕಲಿಸಿರೋದು ಈ ಕಾಯುವಿಕೆಯನ್ನು. ನಿಧಾನದ ಕ್ರೈಂ ಸೀರೀಸ್‌ಗಳಲ್ಲಿ ಹೆಚ್ಚಿನವು ಬೇರೆ ಪ್ರಶ್ನೆ ಕೇಳ್ತವೆ: ಮಾಡಿದ್ದು ಯಾರು? ಆಗ ಹತ್ತು ಹನ್ನೆರಡು ಮಂದಿಯ ಮೇಲೆ ಅನುಮಾನ ಇಟ್ಟುಕೊಳ್ಳಬೇಕು, ಎಲ್ಲರ ಹೆಸರು ನೆನಪಿಡಬೇಕು, ಸಿಟ್ಟು ಯಾರ ಮೇಲೆ ಮಾಡೋದು ಅಂತಲೂ ಗೊತ್ತಿರೋದಿಲ್ಲ. ಹೊಡೆದಾಟ ಇಲ್ಲದ್ದಕ್ಕೇ ಅವನಿಗೆ ನಿದ್ದೆ ಬಂತು ಅಂತ ನನಗೆ ಅನ್ನಿಸೋದಿಲ್ಲ. ಕಣ್ಣಿಡೋದಕ್ಕೆ ಎದುರಾಳಿಯೇ ಸಿಗಲಿಲ್ಲ.

ಅದಕ್ಕೇ ಮೊದಲ ಸೀರೀಸ್ ಹೇಗಿರಬೇಕು ಅಂದ್ರೆ, ಅಪರಾಧಿ ಯಾರು ಅಂತ ನೋಡುವವರಿಗೆ ಬೇಗ ಗೊತ್ತಾಗಬೇಕು, ಪೊಲೀಸರಿಗೆ ಗೊತ್ತಾಗಬಾರದು. 'ದಹಾಡ್' ಮಾಡೋದು ಇದನ್ನೇ. ಶುರುವಿನ ಎಪಿಸೋಡ್‌ಗಳಲ್ಲೇ ಆನಂದ್ ಸ್ವರ್ಣಕಾರ್ ಅನ್ನೋ ಕಾಲೇಜು ಮೇಷ್ಟ್ರನ್ನು ತೋರಿಸ್ತಾರೆ. ಹಿಂದಿ ಪಾಠ ಮಾಡ್ತಾನೆ, ಹೆಂಡತಿ, ಮಗ ಇದ್ದಾರೆ, ವ್ಯಾನಿನಲ್ಲಿ ಪುಸ್ತಕ ತುಂಬಿಕೊಂಡು ಹೋಗಿ ಮಕ್ಕಳಿಗೆ ಓದೋಕೆ ಕೊಡ್ತಾನೆ. ನೋಡಿದ್ರೆ ಯಾರೂ ಕೆಟ್ಟವನು ಅನ್ನೋದಿಲ್ಲ. ವಿಜಯ್ ವರ್ಮಾ ಈ ಪಾತ್ರದಲ್ಲಿ ದನಿ ಏರಿಸೋದು ಅಪರೂಪ, ಅದಕ್ಕೇ ಇನ್ನೂ ಜಾಸ್ತಿ ಹೆದರಿಕೆ ಆಗ್ತದೆ. ಎದುರಿಗೆ ಇರೋಳು ರಾಜಸ್ಥಾನದ ಸಣ್ಣ ಊರಿನ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಅಂಜಲಿ ಭಾಟಿ. ಆ ಪಾತ್ರ ಸೋನಾಕ್ಷಿ ಸಿನ್ಹಾ ಅವರದ್ದು. ಬುಲೆಟ್‌ನಂಥ ಬೈಕ್ ಓಡಿಸ್ತಾಳೆ, ಜೂಡೋ ಗೊತ್ತು. ನಿಮ್ಮ ತಮ್ಮನಿಗೆ ಇವಳು ಮೊದಲ ದಿನವೇ ಪರಿಚಿತಳ ಹಾಗೆ ಕಾಣ್ತಾಳೆ.

ಕಥೆ ಶುರುವಾಗೋದು ಒಬ್ಬ ಬಡವ ಠಾಣೆಗೆ ಬಂದು ತಂಗಿ ಕಾಣೆಯಾಗಿದ್ದಾಳೆ ಅಂತ ಹೇಳೋದರಿಂದ. ಯಾರೂ ಗಮನ ಕೊಡೋದಿಲ್ಲ. ಮನೆ ಬಿಟ್ಟು ಓಡಿಹೋದವಳು ಅಂತ ಬರೆದು ಕೈ ತೊಳೆದುಕೊಳ್ತಾರೆ. ಆಮೇಲೆ ಅಂಜಲಿ ಹುಡುಕುತ್ತ ಹೋದಾಗ ಇಂಥವರು ಒಬ್ಬರಲ್ಲ, ಇಬ್ಬರಲ್ಲ ಅಂತ ಗೊತ್ತಾಗ್ತದೆ. ಬೇರೆ ಬೇರೆ ಊರು. ಎಲ್ಲರೂ ಮದುವೆಯಾಗದ ಹೆಣ್ಣುಮಕ್ಕಳು, ವರದಕ್ಷಿಣೆ ಕೊಡಲಾರದ ಮನೆಯವರು. ಶವ ಸಿಕ್ಕಿದ್ದು ಸಾರ್ವಜನಿಕ ಶೌಚಾಲಯದಲ್ಲಿ, ಒಳಗಿನಿಂದ ಚಿಲಕ ಹಾಕಿದ ಸ್ಥಿತಿಯಲ್ಲಿ.

ಇದನ್ನು ಓದುವಾಗಲೇ ನಿಮಗೆ ಒಂದು ಪ್ರಕರಣ ನೆನಪಾಗಿರಬಹುದು. ನಮ್ಮ ಕರಾವಳಿಯದ್ದೇ ಆದ ದಕ್ಷಿಣ ಕನ್ನಡದಲ್ಲಿ 2009ರಲ್ಲಿ ಒಬ್ಬ ಶಾಲಾ ಮೇಷ್ಟ್ರನ್ನು ಹಿಡಿದರಲ್ಲ, ಸೈನೈಡ್ ಪ್ರಕರಣ. ಮದುವೆಯ ಆಸೆ ತೋರಿಸಿ ಕರೆದುಕೊಂಡು ಹೋಗೋದು, ಲಾಡ್ಜಿನಲ್ಲಿ ಉಳಿಯೋದು, ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಗರ್ಭ ನಿಲ್ಲದ ಹಾಗೆ ಮಾತ್ರೆ ಅಂತ ಹೇಳಿ ವಿಷ ಕೊಡೋದು, ಒಡವೆ ತೆಗೆದುಕೊಂಡು ಹೋಗೋದು. ಸೀರೀಸಿನಲ್ಲಿ ನಡೆಯೋದು ಇದಕ್ಕೆ ತುಂಬಾ ಹತ್ತಿರ. ಆಗ ಕರಾವಳಿಯ ಬಸ್‌ಗಳಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಈ ಸುದ್ದಿ ಎಷ್ಟು ಮಾತಾಗಿತ್ತು ಅಂತ ನನಗೆ ನೆನಪಿದೆ. ನಿಮ್ಮ ತಮ್ಮನಿಗೆ ಶುರುವಿನಲ್ಲಿ ಇಷ್ಟು ಹೇಳಿ ಸಾಕು. ರಾಜಸ್ಥಾನದ ಮರಳು, ಒಣ ಗಾಳಿ, ಅಲ್ಲಿನ ಮಾತು ನಮಗೆ ದೂರದ್ದು. ಈ ಒಂದು ಎಳೆ ಹಿಡಿದರೆ ಹತ್ತಿರವಾಗ್ತದೆ.

ಇನ್ನು ಓಟ ಎಲ್ಲಿದೆ ಅಂತ ಅವನು ಕೇಳಬಹುದು. ಓಟ ಇದೆ, ಫೋನ್ ನಂಬರುಗಳಲ್ಲಿದೆ. ಕಾಣೆಯಾದ ಒಬ್ಬಳಿಗೆ ಪದೇಪದೇ ಕರೆ ಬಂದ ನಂಬರ್ ಯಾರದ್ದು ಅಂತ ತೆಗೆಸ್ತಾರೆ. ಅದು ಬೇರೊಂದು ಊರಿನ ಇನ್ನೊಬ್ಬ ಹುಡುಗಿಯ ಹೆಸರಿನಲ್ಲಿ ಇರ್ತದೆ. ಅವಳನ್ನು ಹುಡುಕಿಕೊಂಡು ಹೋದರೆ ಅವಳೂ ಕಾಣೆಯಾಗಿದ್ದಾಳೆ. ಅವಳಿಗೆ ಬಂದ ಕರೆ ಮೂರನೆಯವಳ ನಂಬರಿನಿಂದ. ಸತ್ತವಳ ಸಿಮ್ಮು ಮುಂದಿನವಳನ್ನು ಕರೆಯೋಕೆ ಬಳಕೆಯಾಗಿದೆ. ಈ ಸರಪಳಿ ಬಿಚ್ಚಿಕೊಳ್ಳುವ ಜಾಗದಲ್ಲಿ ಗುಂಡಿನ ಸದ್ದು ಇಲ್ಲ, ಮೇಜಿನ ಮೇಲೆ ಕಾಗದ ಮಾತ್ರ. ಆದರೂ ಉಸಿರು ಬಿಗಿ ಹಿಡಿದು ನೋಡ್ತೇವೆ. ಈ ಜಾಗ ಬಂದಾಗ ನೀವು ಎದ್ದು ಚಾ ಮಾಡೋಕೆ ಹೋಗಬೇಡಿ, ಅವನೂ ಎದ್ದು ಬಂದುಬಿಡ್ತಾನೆ.

ಅವನಿಗೆ ನಿಜವಾಗಿ ಹೊಸದಾಗಿ ಕಾಣೋದು ಇದಾದ ಮೇಲೆ ಬರ್ತದೆ. ಸಿನಿಮಾದಲ್ಲಿ ಗೊತ್ತಾದ್ರೆ ಸಾಕು, ನಾಯಕ ಹೋಗಿ ಹೊಡೀತಾನೆ. ಇಲ್ಲಿ ಪೊಲೀಸರಿಗೆ ಅನುಮಾನ ಬಂದ ಮೇಲೂ ಕೈ ಕಟ್ಟಿ ಹಾಕಿದ ಹಾಗೆ. ಅವನು ಆ ದಿನ ಆ ಊರಲ್ಲಿದ್ದ ಅಂತ ಯಾರು ಹೇಳಬೇಕು? ವಿಷ ಅವಳೇ ನುಂಗಿದ್ದಲ್ಲವಾ, ಚಿಲಕ ಒಳಗಿನಿಂದ ಹಾಕಿತ್ತಲ್ಲವಾ? ಕೋರ್ಟಿನಲ್ಲಿ ನಿಲ್ಲೋದು ಯಾವುದು? ಮೇಷ್ಟ್ರು ಇವರ ಎದುರೇ ಕೂತು ಸಮಾಧಾನವಾಗಿ ಉತ್ತರ ಕೊಡ್ತಿರ್ತಾನೆ. ಆಗ ನೋಡುವವನಿಗೆ ಬರೋ ಸಿಟ್ಟು ಆ್ಯಕ್ಷನ್ ಸಿನಿಮಾದ್ದೇ, ಆದರೆ ಅದನ್ನು ತಕ್ಷಣ ತೀರಿಸಿಕೊಳ್ಳೋ ದಾರಿ ಇಲ್ಲ. ಆ ಸಿಟ್ಟನ್ನು ಹೊತ್ತುಕೊಂಡೇ ಮುಂದಿನ ಎಪಿಸೋಡಿಗೆ ಹೋಗ್ತೇವೆ. ನಿಧಾನದ ಸೀರೀಸಿನ ರುಚಿ ಹತ್ತೋದು ಇಲ್ಲೇ.

ನಾನು ಇದನ್ನು ಕಲಿತಿದ್ದು ಶಿರಸಿಯ ನನ್ನ ಭಾವನಿಂದ. ಅವರೂ ನಿಮ್ಮ ತಮ್ಮನ ಹಾಗೇ. ನಾನು ಮೊದಲು ಹಾಕಿದ್ದು 'ಟ್ರೂ ಡಿಟೆಕ್ಟಿವ್' 2014ರ ಮೊದಲ ಸೀಸನ್. ನನಗೆ ಅದು ಬಹಳ ಪ್ರೀತಿಯದ್ದು. ನಾಲ್ಕನೇ ಎಪಿಸೋಡಿನ ಕೊನೆಗೆ ಸುಮಾರು ಆರು ನಿಮಿಷ ಕತ್ತರಿ ಹಾಕದೆ ಒಂದೇ ಶಾಟ್‌ನಲ್ಲಿ ತೆಗೆದ ಗಲಾಟೆ ಇದೆ, ಅದನ್ನು ನೋಡಿದ್ರೆ ಭಾವ ಸೋತುಹೋಗ್ತಾರೆ ಅಂದುಕೊಂಡಿದ್ದೆ. ಅಲ್ಲಿಗೆ ತಲುಪಲೇ ಇಲ್ಲ. ಕಥೆ 1995ಕ್ಕೂ 2012ಕ್ಕೂ ಹಾರ್ತಾ ಇರ್ತದೆ, ಕಾರಿನಲ್ಲಿ ಕೂತು ಬದುಕಿನ ಬಗ್ಗೆ ಮಾತಾಡ್ತಾ ಇರ್ತಾರೆ, ಎಲ್ಲ ಇಂಗ್ಲಿಷ್, ಕೆಳಗೆ ಅಕ್ಷರ ಓದಬೇಕು. "ಕಥೆ ಯಾವಾಗ ಶುರು ಆಗ್ತು ಮಾರಾಯಾ?" ಅಂತ ಕೇಳಿ ಎದ್ದುಹೋದರು. ಒಂದು ಒಳ್ಳೆ ಜಾಗ ಇದೆ ಅಂತ ಅದಕ್ಕಾಗಿ ಹೆಚ್ಚುಕಡಿಮೆ ನಾಲ್ಕು ಗಂಟೆ ಕಾಯಿಸೋದು ಮೊದಲ ಸಲಕ್ಕೆ ಸರಿಯಲ್ಲ. ಆಮೇಲೆ ಒಂದು ಮಳೆಗಾಲದಲ್ಲಿ 'ದಹಾಡ್' ಹಾಕಿದೆ. ಎರಡನೇ ರಾತ್ರಿ ಊಟ ಮುಗಿಯೋ ಮೊದಲೇ ರಿಮೋಟ್ ಅವರ ಕೈಯಲ್ಲಿತ್ತು.

ನೋಡುವ ರೀತಿಯ ಬಗ್ಗೆ ಒಂದು ಮಾತು. ಒಂದೊಂದು ಎಪಿಸೋಡ್ ಹೆಚ್ಚುಕಡಿಮೆ ಒಂದು ಗಂಟೆ. ದಿನಕ್ಕೊಂದು ಹಾಕಬೇಡಿ, ರಾತ್ರಿಗೆ ಎರಡು ಹಾಕಿ. ಎರಡು ಸೇರಿದರೆ ಒಂದು ಸಿನಿಮಾದಷ್ಟು ಹೊತ್ತು, ಅಷ್ಟು ಕೂರೋದು ಅವನಿಗೆ ರೂಢಿ ಇದೆ. ನಾಲ್ಕು ರಾತ್ರಿಗೆ ಮುಗೀತದೆ. ಬೇಗ ಓಡಿಸಿ ನೋಡೋದು ಮಾತ್ರ ಬೇಡ, ಮೇಷ್ಟ್ರು ಉತ್ತರ ಕೊಡೋ ಮೊದಲು ಸುಮ್ನೆ ನಿಲ್ಲೋ ಎರಡು ಸೆಕೆಂಡು ಇಲ್ಲಿ ಸಾಕ್ಷಿ ಇದ್ದ ಹಾಗೆ. ಮಳೆಯಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋಗ್ತವೆ ಅಲ್ವಾ, ಮುಂದಿನ ಎರಡು ಎಪಿಸೋಡ್ ಹಗಲಲ್ಲೇ ಫೋನಿಗೆ ಇಳಿಸಿಟ್ಟುಕೊಳ್ಳಿ. ಮಕ್ಕಳು ಮಲಗಿದ ಮೇಲೆ ನೋಡಿ. ಬೈಗುಳ ಇದೆ, ದೊಡ್ಡವರು ಮಾತ್ರ ನೋಡೋ ದೃಶ್ಯಗಳಿವೆ.

ಕಷ್ಟದ ಜಾಗವೂ ಇದೆ, ಮುಚ್ಚಿಡೋದಿಲ್ಲ. ನಡುವಿನ ಎಪಿಸೋಡ್‌ಗಳಲ್ಲಿ ಕಥೆ ಸ್ವಲ್ಪ ಎಳೀತದೆ. ಒಬ್ಬಳಾದ ಮೇಲೆ ಇನ್ನೊಬ್ಬಳು, ಅದೇ ರೀತಿ, ಹಾಗಾಗಿ ಆಗಲೇ ಗೊತ್ತಾಯ್ತಲ್ಲ ಅನ್ನಿಸ್ತದೆ. ಪೊಲೀಸರ ಮನೆಯ ಕಥೆಗಳೂ ನಡುವೆ ಬರ್ತವೆ. ಅಂಜಲಿಯ ಜಾತಿಯ ಕಾರಣಕ್ಕೆ ಅವಳು ಪಕ್ಕದಲ್ಲಿ ಹಾದುಹೋದಾಗಲೆಲ್ಲ ಠಾಣೆಯಲ್ಲಿ ಒಬ್ಬ ಊದುಬತ್ತಿ ಹಚ್ಚುತ್ತಾನೆ. ಮೊದಲ ಸಲ ಅದು ಏನು ಅಂತಲೇ ಗೊತ್ತಾಗೋದಿಲ್ಲ. ಯಾರೂ ಬಾಯಿಬಿಟ್ಟು ವಿವರಿಸೋದೂ ಇಲ್ಲ. ನಾಲ್ಕನೇ ಸಲ ನೋಡುವಾಗ ಹೊಟ್ಟೆಯಲ್ಲಿ ಸಂಕಟ ಆಗ್ತದೆ. ನೀವು ಮೊದಲೇ ಅರ್ಥ ಹೇಳಿಬಿಡಬೇಡಿ, ಅವನೇ ಕಂಡುಕೊಳ್ಳಲಿ.

ಹಿಡಿಸಿತಾ ಇಲ್ವಾ ಅಂತ ಮೂರನೇ ಎಪಿಸೋಡಿನ ಹೊತ್ತಿಗೆ ಗೊತ್ತಾಗ್ತದೆ. "ಇನ್ನೂ ಎಷ್ಟಿದೆ ಅಕ್ಕಾ?" ಅಂತ ಕೇಳಿದ್ರೆ ನಿಲ್ಲಿಸಿಬಿಡಿ, ಒತ್ತಾಯ ಬೇಡ. "ಆ ನಂಬರ್ ಯಾರದ್ದು?" ಅಂತ ಕೇಳಿದ್ರೆ ಸಿಕ್ಕಿಬಿದ್ದ ಅಂತಲೇ. ಆಮೇಲೆ ಅವನು ಯಾವಾಗ ಫೋನ್ ತೆಗೀತಾನೆ ಅಂತ ಸ್ವಲ್ಪ ಗಮನಿಸಿ, ಮುಂದಿನದನ್ನು ಆರಿಸೋಕೆ ಅದೇ ಗುರುತು.

ಮನೆಯ ದೃಶ್ಯ ಬಂದಾಗ ಫೋನ್ ತೆಗೆದು, ತನಿಖೆ ಬಂದಾಗ ಇಟ್ಟರೆ ಅವನಿಗೆ ಬೇಕಾದ್ದು ಬೆನ್ನು ಹತ್ತುವ ಕೆಲಸ. ಅವನಿಗೆ 2024ರ 'ಪೋಚರ್' ಹಾಕಿ. ಕೇರಳದಲ್ಲಿ ದಂತಕ್ಕಾಗಿ ಆನೆ ಕೊಂದವರನ್ನು ಅರಣ್ಯ ಇಲಾಖೆಯವರು ಹುಡುಕೋ ಕಥೆ, ಇದೂ ಎಂಟು ಎಪಿಸೋಡ್. ವಾಚರ್, ಗಾರ್ಡ್, ರೇಂಜರ್ ಅಂದ್ರೆ ನಮ್ಮ ಜಿಲ್ಲೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೂಲ ಮಲಯಾಳಂ, ಹಾಗಾಗಿ ಯಾವ ಭಾಷೆಯಲ್ಲಿ ಕೇಳಬೇಕು ಅಂತ ಮೊದಲೇ ಆರಿಸಿಟ್ಟುಕೊಳ್ಳಿ. ಸತ್ತ ಆನೆಗಳನ್ನು ನೋಡೋದು ಕಷ್ಟ, ಅದನ್ನೂ ಹೇಳಿಡಿ.

ಇದಕ್ಕೆ ತಿರುಗಾಮುರುಗಾ ಆದರೆ, ಅಂದ್ರೆ ಅಂಜಲಿಯ ಮನೆ, ಮೇಷ್ಟ್ರ ಮನೆ ಬಂದಾಗ ಅವನು ಸುಮ್ಮನೆ ಕೂತು ನೋಡಿದರೆ, 2023ರ 'ಕೊಹ್ರಾ' ಹಾಕಬಹುದು. ಪಂಜಾಬಿನ ಹೊಲದಲ್ಲಿ ಮದುವೆಗೆ ಮೊದಲು ಸತ್ತು ಬಿದ್ದ ಮದುಮಗನ ಕಥೆ, ಮೊದಲ ಸೀಸನ್ ಬರೀ ಆರು ಎಪಿಸೋಡ್. ಅದರಲ್ಲಿ ಕೊಂದವರು ಯಾರು ಅಂತ ಕೊನೆಯವರೆಗೆ ಗೊತ್ತಾಗೋದಿಲ್ಲ. ಅಷ್ಟೊತ್ತಿಗೆ ಅವನು ಆ ಪ್ರಶ್ನೆಗೂ ಕಾಯೋಕೆ ಸಿದ್ಧ ಇರ್ತಾನೆ.