ಕಾರನ್ನು ನನ್ನ ಗ್ಯಾರೇಜಿಗೆ ಕಳುಹಿಸಬೇಡಿ

ಶನಿವಾರ ರಾತ್ರಿ ನನ್ನ ಮೊಬೈಲಿಗೆ ಬರುವ ಸಂದೇಶಗಳದ್ದು ಒಂದೇ ಧಾಟಿ. "ಹಳೆಯ ಕಾರೊಂದನ್ನು ನೋಡಿದ್ದೇನೆ ಮಾರಾಯ. ಹೊರಗಿನಿಂದ ಚೆನ್ನಾಗಿದೆ. ನಾಳೆ ಬಿಡುವು ಮಾಡಿಕೊಂಡು ಒಮ್ಮೆ ನೋಡಿಕೊಡು. ನಿನಗೆ ತೊಂದರೆಯಾಗಬಾರದೆಂದು ಕಾರನ್ನು ನಿನ್ನ ಗ್ಯಾರೇಜಿಗೇ ತರಲು ಅವರಿಗೆ ಹೇಳಿದ್ದೇನೆ."

ಕೊನೆಯ ವಾಕ್ಯದಲ್ಲಿರುವ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಪರೀಕ್ಷೆಯ ಅರ್ಧ ಭಾಗ ಅಲ್ಲಿಗೇ ಮುಗಿದುಹೋಗಿರುತ್ತದೆ. ಹತ್ತು ಕಿಲೋಮೀಟರ್ ಓಡಿ ಬಂದ ಎಂಜಿನ್ ಕಾದಿರುತ್ತದೆ, ಕಾದ ಎಂಜಿನ್ ತನ್ನ ಬಹಳಷ್ಟು ರೋಗಗಳನ್ನು ಮುಚ್ಚಿಟ್ಟುಕೊಳ್ಳುತ್ತದೆ. ನಾನು ಬರಬೇಕಾದದ್ದು ಕಾರು ರಾತ್ರಿ ಕಳೆದ ಜಾಗಕ್ಕೆ, ಯಾರೂ ಅದರ ಕೀಲಿ ತಿರುಗಿಸುವ ಮೊದಲು. ಇದನ್ನು ಎಷ್ಟು ಸಲ ಹೇಳಿದರೂ ಗೆಳೆಯರು "ಆಯ್ತು ಆಯ್ತು" ಎನ್ನುತ್ತಾರೆ, ಮತ್ತೆ ಗ್ಯಾರೇಜಿಗೇ ಕಳುಹಿಸುತ್ತಾರೆ.

ಪೆಟ್ರೋಲ್ ಕಾರಿನ ಮಾತನ್ನೇ ತೆಗೆದುಕೊಳ್ಳಿ. ಎಂಜಿನ್ನಿನ ಮೇಲ್ಭಾಗದಲ್ಲಿ, ಅಂದರೆ ಹೆಡ್ಡಿನಲ್ಲಿ, ವಾಲ್ವುಗಳ ಕಾಂಡಕ್ಕೆ ರಬ್ಬರಿನ ಸಣ್ಣ ಸೀಲುಗಳಿರುತ್ತವೆ. ಮೇಲಿರುವ ಆಯಿಲ್ ಕೆಳಗೆ ಇಳಿಯದಂತೆ ತಡೆಯುವುದು ಅವುಗಳ ಕೆಲಸ. ವರ್ಷಗಟ್ಟಲೆ ಶಾಖ ತಿಂದು ಆ ರಬ್ಬರ್ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ರಾತ್ರಿಯಿಡೀ ಕಾರು ನಿಂತಾಗ ಆಯಿಲ್ ಹನಿಹನಿಯಾಗಿ ಜಾರಿ ಸಿಲಿಂಡರಿಗೆ ಇಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಅದು ಉರಿದು ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಅರ್ಧ ನಿಮಿಷ, ಹೆಚ್ಚೆಂದರೆ ಒಂದೆರಡು ನಿಮಿಷ. ಆಮೇಲೆ ಏನೂ ಕಾಣದು. ಹತ್ತು ಗಂಟೆಗೆ ನನ್ನ ಬಾಗಿಲಿಗೆ ಬಂದ ಕಾರಿನಲ್ಲಿ ಆ ಹೊಗೆಯನ್ನು ನಾನು ಎಲ್ಲಿಂದ ತರಲಿ? "ಹೊಗೆ ತಪಾಸಣೆಯ ಪ್ರಮಾಣಪತ್ರ ಇದೆಯಲ್ಲ" ಎಂದು ಕೇಳುವವರಿದ್ದಾರೆ. ಆ ಕೇಂದ್ರಕ್ಕೂ ಕಾರು ಓಡಿಕೊಂಡೇ ಹೋಗಿರುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ತಣ್ಣಗಿರುವಾಗ ಟೈಮಿಂಗ್ ಚೈನಿನ ಗಲಗಲ ಸದ್ದು, ಬಿಳಿ ಹೊಗೆ, ಎರಡು ಮೂರು ಸಲ ಕೀಲಿ ತಿರುಗಿಸಬೇಕಾಗುವ ಮೊಂಡುತನ, ಇವೆಲ್ಲ ಕಾಣಿಸುತ್ತವೆ. ಅದರ ವಿವರ ಬೇರೆಯೇ ಇದೆ, ಇಲ್ಲಿ ಬೇಡ.

ಶಿವಮೊಗ್ಗದ ಗೆಳೆಯರೊಬ್ಬರು, ಪ್ರೌಢಶಾಲೆಯ ಮೇಷ್ಟ್ರು, ಭದ್ರಾವತಿಯಲ್ಲಿ 2014ರ ಪೆಟ್ರೋಲ್ ಕಾರೊಂದನ್ನು ಮೆಚ್ಚಿಕೊಂಡಿದ್ದರು. ಮೀಟರಿನಲ್ಲಿ 78 ಸಾವಿರ ಕಿಲೋಮೀಟರ್, ಕೇಳಿದ ಬೆಲೆ 2.90 ಲಕ್ಷ. ಯಥಾಪ್ರಕಾರ ಕಾರು ಸಂಜೆ ನನ್ನಲ್ಲಿಗೆ ಬಂತು. ನುಣುಪಾದ ಓಟ, ಸದ್ದಿಲ್ಲದ ಎಂಜಿನ್. ಮೇಷ್ಟ್ರ ಮುಖ ಅರಳಿತ್ತು. ನಾನು ಏನೂ ಹೇಳದೆ ಕಾರನ್ನು ವಾಪಸು ಕಳುಹಿಸಿ, ಭಾನುವಾರ ಬೆಳಿಗ್ಗೆ ಆರೂವರೆಗೆ ಮಾಲೀಕರ ಮನೆಗೇ ಬರುತ್ತೇನೆ, ಅಲ್ಲಿಯವರೆಗೆ ದಯವಿಟ್ಟು ಸ್ಟಾರ್ಟ್ ಮಾಡಬೇಡಿ ಎಂದೆ.

ಹೋದ ಕೂಡಲೇ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಜೋಡಿಸಿ, ಎಂಜಿನ್ ಶುರು ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ, ಕೂಲೆಂಟಿನ ಉಷ್ಣತೆಯನ್ನೂ ಒಳಬರುವ ಗಾಳಿಯ ಉಷ್ಣತೆಯನ್ನೂ ನೋಡಿದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲಿ 22, 21. ಸರಿ, ಮಾಲೀಕರು ಮಾತು ಉಳಿಸಿಕೊಂಡಿದ್ದರು. ಗಾಳಿ 22 ಇದ್ದು ಕೂಲೆಂಟ್ 50 ತೋರಿಸಿದರೆ ಯಾರೋ ಆಗಲೇ ಕಾಯಿಸಿದ್ದಾರೆ ಎಂದರ್ಥ. ಸ್ಕ್ಯಾನರ್ ಇಲ್ಲದವರು ಬಾನೆಟ್ ತೆಗೆದು ರೇಡಿಯೇಟರಿನ ಮೇಲಿನ ಹೋಸನ್ನು ಮುಟ್ಟಿ ನೋಡಿದರೂ ಸಾಕು.

ಮೇಷ್ಟ್ರನ್ನು ಕಾರಿನ ಹಿಂದೆ ನಿಲ್ಲಿಸಿ ಸ್ಟಾರ್ಟ್ ಮಾಡಿದೆ. ಹೊಗೆ ಬಂತು. ತಂಪಿನ ಬೆಳಿಗ್ಗೆ ಯಾವ ಕಾರಿನಿಂದಲಾದರೂ ಬಿಳಿಯ ಆವಿ ಬರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ, ಬಂದಷ್ಟೇ ಬೇಗ ಕರಗುತ್ತದೆ. ಇದು ಕರಗಲಿಲ್ಲ. ನೀಲಿ ಛಾಯೆಯಲ್ಲಿ ಅಂಗಳದಲ್ಲೇ ತೇಲುತ್ತಾ ನಿಂತಿತು, ಸುಟ್ಟ ಎಣ್ಣೆಯ ವಾಸನೆ ಬೇರೆ.

ಹೊಗೆ ಕಂಡ ಮಾತ್ರಕ್ಕೆ ಕಾರನ್ನು ತಳ್ಳಿಹಾಕುವುದೂ ಅವಸರವೇ. ಆಯಿಲ್ ವಾಲ್ವ್ ಸೀಲಿನಿಂದ ಇಳಿಯುತ್ತಿದೆಯೋ, ಪಿಸ್ಟನ್ ರಿಂಗ್ ಸವೆದು ಕೆಳಗಿನಿಂದ ಏರುತ್ತಿದೆಯೋ ಎಂಬುದನ್ನು ತಿಳಿಯಬೇಕು, ಏಕೆಂದರೆ ಎರಡರ ಖರ್ಚಿಗೂ ಅಜಗಜಾಂತರ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ನೋಡಿದೆ. ರಿಂಗ್ ಸವೆದಿದ್ದರೆ ಅಲ್ಲಿಂದ ಹೊಗೆ ಒತ್ತಿಕೊಂಡು ಬರುತ್ತದೆ. ಇಲ್ಲಿ ಅಂಥದ್ದೇನಿರಲಿಲ್ಲ. ಮುಂದಿನ ಪರೀಕ್ಷೆ ಇಳಿಜಾರಿನಲ್ಲಿ. ಮೂರನೆಯ ಗೇರಿನಲ್ಲಿ ಎಕ್ಸಲರೇಟರಿನಿಂದ ಕಾಲು ತೆಗೆದು ಇಳಿದರೆ ಎಂಜಿನ್ನಿನೊಳಗೆ ಎಳೆತ ಹೆಚ್ಚಾಗಿ, ಸಡಿಲವಾದ ಸೀಲುಗಳ ಮೂಲಕ ಆಯಿಲ್ ಒಳಕ್ಕೆ ಬರುತ್ತದೆ. ಕೆಳಗೆ ತಲುಪಿ ಒಮ್ಮೆ ಒತ್ತಿದಾಗ ಹಿಂದಿನಿಂದ ಹೊಗೆಯ ಒಂದು ಉಂಡೆ ಹಾರುತ್ತದೆ. ಘಟ್ಟ ಇಳಿಯುವಾಗ ಮುಂದಿನ ಕಾರಿನಿಂದ ಇಂಥ ಹೊಗೆ ಮುಖಕ್ಕೆ ಬಡಿದದ್ದು ನಿಮಗೂ ನೆನಪಿರಬಹುದು. ಮೇಷ್ಟ್ರು ಇಳಿಜಾರಿನ ಬುಡದಲ್ಲಿ ಮೊಬೈಲ್ ಹಿಡಿದು ನಿಂತು ಅದನ್ನು ಚಿತ್ರೀಕರಿಸಿದರು. ಅದೇ ಎಕ್ಸಲರೇಟರನ್ನು ಒತ್ತಿ ಹಿಡಿದು ಏರು ಹತ್ತಿದಾಗ ಹೊಗೆ ಇರಲಿಲ್ಲ. ಹಾಗಾಗಿ ಬಹುಮಟ್ಟಿಗೆ ಇದು ಸೀಲುಗಳದ್ದೇ ತೊಂದರೆ ಎಂದೆ. "ಬಹುಮಟ್ಟಿಗೆ" ಎಂದದ್ದು ಬೇಕೆಂದೇ. ವಾಲ್ವಿನ ಕಾಂಡ ಆಡುವ ಕೊಳವೆಗಳಾದ ವಾಲ್ವ್ ಗೈಡುಗಳೂ ಸವೆದಿವೆಯೇ ಎಂಬುದು ಹೆಡ್ ಬಿಚ್ಚಿದ ಮೇಲಷ್ಟೇ ಖಚಿತವಾಗುತ್ತದೆ.

ಮಾಲೀಕರು ಸಂಕೋಚದಿಂದ, ತಿಂಗಳಿಗೊಮ್ಮೆ ಸ್ವಲ್ಪ ಆಯಿಲ್ ಹಾಕಬೇಕಾಗುತ್ತದೆ ಎಂದರು. ಆ ಮಾತನ್ನು ಅದುವರೆಗೆ ಯಾರೂ ಅವರನ್ನು ಕೇಳಿರಲಿಲ್ಲ. ಸೀಲು ಬದಲಾವಣೆಗೆ ಕೂಲಿ ಸೇರಿ ನನ್ನ ಅಂದಾಜು 15 ಸಾವಿರ, ಗೈಡೂ ಹೋಗಿದ್ದರೆ ಇನ್ನೊಂದು 10 ಸಾವಿರ. ಆ 25 ಸಾವಿರ ಕಳೆದು 2.65 ಲಕ್ಷಕ್ಕೆ ವ್ಯಾಪಾರ ಕುದುರಿತು. ಕಾರು ಒಳ್ಳೆಯದೋ ಕೆಟ್ಟದ್ದೋ ಎಂದು ಮೇಷ್ಟ್ರು ಆಮೇಲೂ ಕೇಳುತ್ತಲೇ ಇದ್ದರು. 25 ಸಾವಿರ ಕೆಟ್ಟದ್ದು ಎಂದೆ, ಅವರಿಗೆ ಸಮಾಧಾನವಾಗಲಿಲ್ಲ.

ನನಗೆ ಬರೆಯುವುದಾದರೆ ಹೀಗೆ ಬರೆಯಿರಿ:

"2016ರ ಪೆಟ್ರೋಲ್ ಕಾರು, ಸಾಗರದಲ್ಲಿದೆ. 62 ಸಾವಿರ ಓಡಿದೆ, ಎರಡನೆಯ ಮಾಲೀಕರು, ಕೇಳುತ್ತಿರುವುದು 3.40 ಲಕ್ಷ. ಆರ್‌ಸಿಯ ಚಿತ್ರ ಕಳುಹಿಸಿದ್ದೇನೆ, ಬ್ಯಾಂಕಿನ ಸಾಲ ನಮೂದಾಗಿಲ್ಲ. ಮುಂಗಡ ಕೊಟ್ಟಿಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಅವರ ಮನೆಗೆ ಹೋಗೋಣ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದಿದ್ದೇನೆ, ಒಪ್ಪಿದ್ದಾರೆ. ಆರಕ್ಕೆ ನಿನ್ನ ಮನೆಗೆ ಬಂದು ಕರೆದುಕೊಂಡು ಹೋಗುತ್ತೇನೆ."

ಇಂಥ ಸಂದೇಶಕ್ಕೆ ಇಲ್ಲ ಎನ್ನುವ ಮೆಕ್ಯಾನಿಕ್ ಅಪರೂಪ. "ಮುಂಗಡ ಕೊಟ್ಟಿಲ್ಲ" ಎಂಬ ಎರಡು ಪದ ಓದಿದಾಗಲಂತೂ ನನಗೆ ಎದೆ ಹಗುರಾಗುತ್ತದೆ. ಇಪ್ಪತ್ತು ಸಾವಿರ ಕೊಟ್ಟು ಬಂದವರು ನನ್ನಿಂದ ಪರೀಕ್ಷೆ ಬಯಸುವುದಿಲ್ಲ, ಆಶೀರ್ವಾದ ಬಯಸುತ್ತಾರೆ. ದೋಷ ತೋರಿಸಿದರೆ ನನ್ನ ಮೇಲೆಯೇ ಮುನಿಸು.

ಹಳೆಯ ಕಾರುಗಳ ವ್ಯಾಪಾರಿಗಳ ಬಳಿ ಇದು ಸ್ವಲ್ಪ ಕಷ್ಟ. ಬೆಳಿಗ್ಗೆ ಬಾಗಿಲು ತೆರೆದೊಡನೆ ಹುಡುಗರು ಕಾರುಗಳನ್ನು ತೊಳೆದು, ಸಾಲು ಬದಲಿಸಲು ಒಂದೊಂದನ್ನೂ ಸ್ಟಾರ್ಟ್ ಮಾಡುತ್ತಾರೆ. ಮೋಸವೇ ಆಗಬೇಕೆಂದಿಲ್ಲ, ಅದು ಅವರ ದಿನಚರಿ. ಅಲ್ಲಿಗಾದರೆ ಹಿಂದಿನ ಸಂಜೆಯೇ ಫೋನ್ ಮಾಡಿ ಆ ಒಂದು ಕಾರನ್ನು ಮುಟ್ಟಬೇಡಿ ಎಂದು ಕೇಳಿಕೊಂಡು, ಅವರು ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಹೋದಾಗ ಎಂಜಿನ್ ಬೆಚ್ಚಗಿದ್ದರೆ ಜಗಳ ಬೇಡ, ಮರುದಿನ ಬರುತ್ತೇವೆ ಎಂದು ಹೇಳಿ ಹೊರಡಬಹುದು. ಎರಡನೆಯ ದಿನವೂ ಬೆಚ್ಚಗಿದ್ದರೆ ನಾನು ಬಾನೆಟ್ ತೆಗೆಯುವುದಿಲ್ಲ.