ಅಪ್ಪನ ಕಾಲು ಕಟ್ ಮಾಡಬೇಡಿ ಅನ್ನುವವರಿಗೆ

"ಸರ್, ಈ ಫೋಟೊ ಆ ಕಡೆ ಈ ಕಡೆ ಸ್ವಲ್ಪ ಎಳೆದು ಫೇಸ್‌ಬುಕ್ಕಿಗೆ ಬ್ಯಾನರ್ ಮಾಡಿಕೊಡ್ರಿ. ಅಪ್ಪಾಜಿ ಕಾಲು ಮಾತ್ರ ಕಟ್ ಆಗಬಾರದು."

ದಾವಣಗೆರೆಯಲ್ಲಿ ಡಿಸೈನ್ ಅಂಗಡಿ ಇಟ್ಟುಕೊಂಡ ನನಗೆ ಈ ಎರಡು ವಾಕ್ಯ ಬಾಯಿಪಾಠವಾಗಿವೆ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಫ್ಲೆಕ್ಸ್ ಕಾಲದಲ್ಲಿ ಎಳೆಯುವುದು ಅಂದರೆ ನಿಜವಾಗಿಯೂ ಎಳೆಯುವುದೇ ಆಗಿತ್ತು. ಜಾತ್ರೆ ಬ್ಯಾನರಿನಲ್ಲಿ ಒಣಕಲು ಮನುಷ್ಯನೂ ಕುಂಬಳಕಾಯಿ ಹಾಗೆ ಕಾಣುತ್ತಿದ್ದ. ಈಗ ಹಾಗಲ್ಲ. ಫೋಟೊದ ಅಂಚಿನ ಆಚೆ ಏನಿರಬಹುದು ಅಂತ ಎಐ ಊಹಿಸಿ, ಆ ಜಾಗವನ್ನು ತಾನೇ ಬರೆದು ತುಂಬುತ್ತದೆ. ಇದಕ್ಕೆ ಔಟ್‌ಪೇಂಟಿಂಗ್ ಅನ್ನುತ್ತಾರೆ. ಫೋಟೊಶಾಪ್‌ನಲ್ಲಿ ಇದರ ಹೆಸರು ಜನರೇಟಿವ್ ಎಕ್ಸ್‌ಪ್ಯಾಂಡ್. ಎಲ್ಲಿ ಒತ್ತಬೇಕು ಅನ್ನುವುದನ್ನು ಯೂಟ್ಯೂಬ್ ನೋಡಿ ಕಲಿಯಬಹುದು. ನನಗೆ ತಲೆನೋವು ತರುವುದು ಎರಡನೇ ವಾಕ್ಯ, ಕಾಲಿನದ್ದು.

ಹೋದ ತಿಂಗಳ ಒಂದು ಕೆಲಸ ಹೇಳುತ್ತೇನೆ. ಬೆಣ್ಣೆ ದೋಸೆ ಹೋಟೆಲ್ ನಡೆಸುವ ಹುಡುಗ ಬಂದಿದ್ದ. ಹೋಟೆಲ್ ಶುರು ಮಾಡಿದ ಅವರಪ್ಪ ತೀರಿಹೋಗಿ ಎರಡು ವರ್ಷ. ಅವರದ್ದೊಂದು ಫೋಟೊ ಇತ್ತು: ಒಲೆ ಪಕ್ಕದಲ್ಲಿ ನಿಂತಿದ್ದಾರೆ, ಹಣೆ ತುಂಬ ವಿಭೂತಿ, ಎಡಗಡೆ ಕೈ ಸೊಂಟದ ಮೇಲೆ. ಮೊಬೈಲ್ ನೆಟ್ಟಗೆ ಹಿಡಿದು ತೆಗೆದದ್ದು, ತಲೆಯಿಂದ ಪಾದದವರೆಗೆ ಪೂರ್ತಿ ಇದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರಿಂದ ಸವೆದು 1200 ಪಿಕ್ಸೆಲ್ ಅಗಲ, 1600 ಎತ್ತರ ಆಗಿತ್ತು. ಡಾಕ್ಯುಮೆಂಟ್ ಆಗಿ ಕಳಿಸಪ್ಪಾ ಅಂದರೆ, ಹಳೇ ಫೋನ್ ಒಡೆದುಹೋಗಿದೆ ಅಂದ. ಆಯ್ತು, ಇದ್ದದ್ದರಲ್ಲೇ ಮಾಡೋಣ.

ಈಗ ಲೆಕ್ಕಕ್ಕೆ ಬನ್ನಿ. ಇದೊಂದನ್ನು ನಿಧಾನವಾಗಿ ಓದಿ, ಯಾಕೆಂದರೆ ಎಲ್ಲರೂ ಮುಗ್ಗರಿಸುವುದು ಇಲ್ಲೇ. ಫೇಸ್‌ಬುಕ್ ಪೇಜಿನ ಕವರ್ ಕಂಪ್ಯೂಟರಿನಲ್ಲಿ 851 ಅಗಲ, 315 ಎತ್ತರಕ್ಕೆ ಕಾಣುತ್ತದೆ. ಅಂದರೆ ಎತ್ತರದ 2.7ರಷ್ಟು ಅಗಲ. ಕಾಲು ಬಿಡಬಾರದು ಅಂತ 1600 ಎತ್ತರವನ್ನು ಹಾಗೇ ಇಟ್ಟುಕೊಂಡರೆ ಅಗಲ 4320 ಬೇಕು. ನಮ್ಮ ಹತ್ತಿರ ಇರುವುದು 1200. ಉಳಿದದ್ದೆಲ್ಲ ಮೆಶಿನ್ ಬರೆಯಬೇಕು. ನೂರರಲ್ಲಿ 72 ಭಾಗ ಸುಳ್ಳು, 28 ಭಾಗ ಅಪ್ಪಾಜಿ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಈ 1600 ಎತ್ತರ ಪರದೆ ಮೇಲೆ 315ಕ್ಕೆ ಇಳಿಯುತ್ತದಲ್ಲ, ಆಗ 180 ಪಿಕ್ಸೆಲ್ ಇದ್ದ ಮುಖ 35ಕ್ಕೆ ಇಳಿಯುತ್ತದೆ. 35 ಪಿಕ್ಸೆಲಿನಲ್ಲಿ ಮೂಗು ಯಾವುದು, ವಿಭೂತಿ ಯಾವುದು? ಕಾಲು ಉಳಿಯಿತು, ಮುಖ ಹೋಯಿತು.

ಅದೇ ಫೋಟೊವನ್ನು ಮೊದಲು ತಲೆಯ ಮೇಲೆ ಸ್ವಲ್ಪ ಜಾಗ ಬಿಟ್ಟು ಸೊಂಟದವರೆಗೆ ಕತ್ತರಿಸಿದೆ. ಎತ್ತರ 700 ಆಯಿತು. ಈಗ ಬೇಕಾದ ಅಗಲ 1890 ಮಾತ್ರ. 1200 ನಮ್ಮದೇ ಇದೆ, ಬರೆಸಬೇಕಾದದ್ದು 690. ಪರದೆ ಮೇಲೆ ಮುಖ 81 ಪಿಕ್ಸೆಲ್. ಎರಡರಷ್ಟಕ್ಕಿಂತ ಜಾಸ್ತಿ ದೊಡ್ಡದು, ಸುಳ್ಳೂ ಅರ್ಧಕ್ಕೆ ಇಳಿಯಿತು. ಅದಕ್ಕೇ ಹೇಳುವುದು, ಬೆಳೆಸುವ ಮೊದಲು ಕತ್ತರಿಸಬೇಕು. ಅಗಲ ಮಾಡಿ ಅಂತ ಬಂದವರಿಗೆ ಇದು ತಿರುಗುಮುರುಗು ಅನಿಸುತ್ತದೆ. ಹುಡುಗನಿಗೂ ಅನಿಸಿತು. "ದೊಡ್ಡದು ಮಾಡಿ ಅಂದ್ರೆ ಕಟ್ ಮಾಡ್ತೀರಲ್ಲ ಸರ್" ಅಂದ. ಎರಡನ್ನೂ ಫೋನಿಗೆ ಹಾಕಿ ತೋರಿಸಿದ ಮೇಲೆ ಸುಮ್ಮನಾದ. ಒಪ್ಪಿದ ಅಂತ ಹೇಳಲಾರೆ.

ಕತ್ತರಿಸಿದ ಮೇಲೆ ನಾಲ್ಕೂ ಅಂಚು ನೋಡಬೇಕು. ಮನುಷ್ಯನ ಮೈ ಯಾವ ಅಂಚಿಗಾದರೂ ತಾಗಿದೆಯಾ? ಬರೀ ಗೋಡೆ, ಆಕಾಶ, ನೆಲ ಆದರೆ ಮೆಶಿನ್ ಚೆನ್ನಾಗಿ ಮುಂದುವರಿಸುತ್ತದೆ. ಕೈ ಅರ್ಧಕ್ಕೆ ನಿಂತಿದ್ದರೆ ಉಳಿದರ್ಧವನ್ನು ಅದೇ ಹುಟ್ಟಿಸಬೇಕು. ಇಲ್ಲಿ ಸೊಂಟದ ಮೇಲಿಟ್ಟ ಕೈಯ ಮೊಣಕೈ ಎಡ ಅಂಚಿನಲ್ಲಿ ಕಟ್ ಆಗಿತ್ತು. ಸುಮ್ನೆ ಒಂದು ಸಲ ಬೆಳೆಸಿ ನೋಡಿದೆ. ಫೋಟೊಶಾಪ್ ಒಂದು ಸಲಕ್ಕೆ ಮೂರು ನಮೂನೆ ಕೊಡುತ್ತದೆ. ಒಂದರಲ್ಲಿ ಮೊಣಕೈ ಮೂಲಂಗಿ ಹಾಗೆ ಚೂಪಾಗಿತ್ತು. ಇನ್ನೊಂದರಲ್ಲಿ ಆ ತೋಳು ಪಕ್ಕದಲ್ಲಿ ನಿಂತ ಬೇರೆ ಯಾರದ್ದೋ ಆಗಿ, ಅಪ್ಪಾಜಿ ಜೊತೆ ಒಬ್ಬ ಅಪರಿಚಿತ ಬಂದು ನಿಂತಿದ್ದ. ಮೂರನೆಯದು ಪರವಾಗಿಲ್ಲ ಅನ್ನುವಂತಿತ್ತು, ಆದರೆ ಅಂಗಿ ತೋಳಿನ ಗೆರೆಗಳು ಜೋಡಣೆಯ ಜಾಗದಲ್ಲಿ ದಿಕ್ಕು ಬದಲಿಸಿದ್ದವು.

ಹಾಗಾದರೆ ಎಡಗಡೆ ಬಿಟ್ಟು ಬರೀ ಬಲಕ್ಕೆ ಬೆಳೆಸಿದರೆ ಆಗಲ್ವಾ? ಆಗಲ್ಲ. ಫೋನಿನಲ್ಲಿ ಇದೇ ಕವರ್ 640ಕ್ಕೆ 360ರ ಅಳತೆಯಲ್ಲಿ ಕಾಣುತ್ತದೆ. ಅಗಲ ಕಡಿಮೆ, ಆದ್ದರಿಂದ ಎರಡೂ ಬದಿ ಹೆಚ್ಚುಕಡಿಮೆ ಆರನೇ ಒಂದು ಭಾಗ ಮರೆಯಾಗುತ್ತದೆ. ನಮ್ಮ 1890ರಲ್ಲಿ ಎಡಕ್ಕೆ 323, ಬಲಕ್ಕೆ 323 ಹೋಯಿತು ಅಂತ ಇಟ್ಟುಕೊಳ್ಳಿ. ಅಪ್ಪಾಜಿ ಮುಖ ಇದ್ದದ್ದು ಎಡ ಅಂಚಿನಿಂದ 330ರಲ್ಲಿ. ಬರೀ ಬಲಕ್ಕೆ ಬೆಳೆಸಿದ್ದರೆ ಫೋನಿನಲ್ಲಿ ಮೂಗಿನ ಮಧ್ಯಕ್ಕೇ ಗೆರೆ ಬೀಳುತ್ತಿತ್ತು. ನಮ್ಮ ಜನ ನೋಡುವುದೇ ಫೋನಿನಲ್ಲಿ. ಈ ಅಳತೆಗಳನ್ನು ಕಂಪನಿಯವರು ಆಗಾಗ ಬದಲಿಸುತ್ತಾರೆ, ಆದ್ದರಿಂದ ಹಾಕುವ ಮೊದಲು ಒಮ್ಮೆ ನೋಡಿಕೊಳ್ಳಿ. ಮುಖ, ಹೆಸರು ಎರಡೂ ನಡುವಿನ ಮೂರನೇ ಎರಡು ಭಾಗದಲ್ಲಿದ್ದರೆ ಹೆಚ್ಚಿನ ಸಲ ಬಚಾವು. ಕೆಳಗಿನ ಅಂಚಿನಲ್ಲಿ ಅಕ್ಷರ ಬೇಡ, ಅಲ್ಲಿ ಪ್ರೊಫೈಲ್ ಫೋಟೊ ಬಂದು ಕೂರುತ್ತದೆ.

ಅಂತೂ ಮೊಣಕೈ ಬೇಕೇ ಬೇಕಾಯಿತು. ಹುಡುಗನಿಗೆ ಕೇಳಿದೆ, "ಅವತ್ತು ಒಂದೇ ಫೋಟೊ ತೆಗೆದಿದ್ರಾ?" ಯಾರೂ ಒಂದೇ ಫೋಟೊ ತೆಗೆಯುವುದಿಲ್ಲ. ತಂಗಿಯ ವಾಟ್ಸ್ಆ್ಯಪ್‌ನಲ್ಲಿ ಇನ್ನೊಂದು ಸಿಕ್ಕಿತು. ಅದರಲ್ಲಿ ಕಣ್ಣು ಮುಚ್ಚಿದ್ದರಿಂದ ಬೇಡ ಅಂತ ಬಿಟ್ಟಿದ್ದರು. ಆದರೆ ಮೊಣಕೈ ಪೂರ್ತಿ ಇತ್ತು! ಆ ನಿಜವಾದ ಮೊಣಕೈಯನ್ನೇ ತಂದು ಮೊದಲ ಫೋಟೊಗೆ ಜೋಡಿಸಿದೆ. ಎಡಕ್ಕೆ 110 ಪಿಕ್ಸೆಲ್ ಬೇಕಾಯಿತು. ಅಲ್ಲಿಂದಾಚೆ ಬರೀ ಟೈಲ್ಸ್ ಗೋಡೆ, ಅದನ್ನು ಮೆಶಿನ್ನಿಗೆ ಬಿಟ್ಟೆ. ಮೊಣಕೈ ಸೇರಿಸಿ ಎಡಕ್ಕೆ 460, ಬಲಕ್ಕೆ 230. ಮುಖ ನಡುವಿಗಿಂತ ತುಸು ಎಡಕ್ಕೆ ಬಂತು, ಮೊಣಕೈ ತುದಿ ಫೋನಿನಲ್ಲೂ ಉಳಿಯಿತು, ಬಲಗಡೆ ಹೋಟೆಲ್ ಹೆಸರಿಗೆ ಜಾಗ ಆಯಿತು.

ಏನು ಬೇಕು ಅಂತ ಬರೆಯುವ ಡಬ್ಬಿಯನ್ನು ಖಾಲಿ ಬಿಡಿ. ಅಲ್ಲಿ "ಹೋಟೆಲ್" ಅಂತ ಬರೆದರೆ ಮೇಜು, ಕುರ್ಚಿ, ಗಿರಾಕಿಗಳೆಲ್ಲ ಬರುತ್ತಾರೆ. ಖಾಲಿ ಇದ್ದರೆ ಪಕ್ಕದಲ್ಲಿ ಏನಿದೆಯೋ ಅದನ್ನೇ ಮುಂದುವರಿಸುವ ಸಂಭವ ಜಾಸ್ತಿ. ಎರಡೂ ಬದಿಯನ್ನು ಒಟ್ಟಿಗೆ ಮಾಡದೆ ಒಂದಾದ ಮೇಲೆ ಒಂದು ಮಾಡಿ. ಎಡಗಡೆ ಚೆನ್ನಾಗಿ ಬಂದು ಬಲಗಡೆ ಕೆಟ್ಟರೆ ಎರಡನ್ನೂ ಬಿಸಾಕುವ ಕರ್ಮ ಇರುವುದಿಲ್ಲ. ಆಮೇಲೆ ಟೈಲ್ಸ್ ಗೆರೆ ಹಿಡಿದು ಹಳೇ ಫೋಟೊದಿಂದ ಹೊಸ ಜಾಗಕ್ಕೆ ಬೆರಳು ಸರಿಸಿಕೊಂಡು ಹೋಗಿ. ಗೆರೆ ಬಾಗಿದರೆ, ಟೈಲ್ಸ್ ಅಳತೆ ಬದಲಾದರೆ ಮತ್ತೆ ಒತ್ತಿ.

ಬಲಗಡೆ ನಮ್ಮೂರಿನದೇ ಒಂದು ತಮಾಷೆ ಆಯಿತು. ಅಂಚಿನಲ್ಲಿ ದರದ ಬೋರ್ಡು ಅರ್ಧ ಇತ್ತು, "ಖಾಲಿ ದೋಸೆ" ಅಂತ. ಉಳಿದ ಅರ್ಧವನ್ನು ಮೆಶಿನ್ ಬರೆಯಿತು. ದೂರದಿಂದ ನೋಡಿದರೆ ಕನ್ನಡ, ಹತ್ತಿರ ಹೋದರೆ ಕನ್ನಡವೂ ಅಲ್ಲ, ತೆಲುಗೂ ಅಲ್ಲ, ಜಿಲೇಬಿ. ಬೋರ್ಡನ್ನೇ ಅಳಿಸಿ ಬರೀ ಗೋಡೆ ಮಾಡಿ, ಅದರ ಮೇಲೆ ಹೋಟೆಲ್ ಹೆಸರನ್ನು ನಾನೇ ಟೈಪ್ ಮಾಡಿದೆ. ಹೊಸ ಗೋಡೆ ಹಳೆಯದಕ್ಕಿಂತ ನುಣುಪಾಗಿ ಕಾಣುತ್ತಿತ್ತು. ವಾಟ್ಸ್ಆ್ಯಪ್ ಫೋಟೊದ ಕಾಳುಕಾಳು ಅದಕ್ಕಿರುವುದಿಲ್ಲವಲ್ಲ. ಹೊಸ ಭಾಗಕ್ಕೆ ಮಾತ್ರ ಚೂರು ನಾಯ್ಸ್ ಹಾಕಿದ ಮೇಲೆ ಜೋಡಣೆ ಕಾಣದಾಯಿತು.

ಗೋಡೆ ಆದ್ದರಿಂದ ನಾನು ಇಷ್ಟು ಧೈರ್ಯ ಮಾಡಿದೆ. ಎಲ್ಲರಿಗೂ ಗೊತ್ತಿರುವ ಜಾಗವಾದರೆ ಮಾಡಬೇಡಿ. ಒಬ್ಬರು ಚಿತ್ರದುರ್ಗದ ಕೋಟೆ ಮುಂದೆ ನಿಂತ ಫೋಟೊ ತಂದಿದ್ದರು. ಮೆಶಿನ್ ಬಂಡೆ ಮೇಲೆ ಬಂಡೆ ಇಟ್ಟು ಗೋಡೆ ಮುಂದುವರಿಸಿತು. ಏಳು ಸುತ್ತಿನ ಕೋಟೆಗೆ ಎಂಟನೇ ಸುತ್ತು! ದುರ್ಗದವರು ನೋಡಿದರೆ ಬಿಡುತ್ತಾರಾ? ಅಂಥ ಕಡೆ ನಾನು ಎರಡೂ ಬದಿ ಒಂದೇ ಬಣ್ಣ ಬಳಿದು, ಮಧ್ಯೆ ಫೋಟೊ ಇಟ್ಟು ಮುಗಿಸುತ್ತೇನೆ.

ಕೊನೆಗೆ ಮುಖ. ಇದರಲ್ಲಿ ನನಗೆ ಯಾರ ಮೇಲೂ ನಂಬಿಕೆ ಇಲ್ಲ. ಹುಡುಗ ನನ್ನ ಹತ್ತಿರ ಬರುವ ಮೊದಲು ಫೋನಿನ ಯಾವುದೋ ಆ್ಯಪ್‌ನಲ್ಲಿ ತಾನೇ ಮಾಡಿ ನೋಡಿದ್ದ. ಕೆಲವು ಆ್ಯಪ್‌ಗಳು ಬದಿಯನ್ನಷ್ಟೇ ಬರೆಯುವುದಿಲ್ಲ, ಇಡೀ ಚಿತ್ರವನ್ನೇ ಹೊಸದಾಗಿ ಬರೆದುಕೊಡುತ್ತವೆ. ಅವನಿಗೆ ಗೊತ್ತಾಗಿರಲಿಲ್ಲ. ಮನೆಗೆ ಹೋಗಿ ತೋರಿಸಿದರೆ ಅವರಮ್ಮ, "ಇವರು ಯಾರಪ್ಪಾ?" ಅಂದರಂತೆ. ಆಮೇಲೆ ನಾನೂ ನೋಡಿದೆ. ವಿಭೂತಿಯ ಮೂರು ಗೆರೆ ಒಂದೇ ಪಟ್ಟೆ ಆಗಿತ್ತು, ಕೆನ್ನೆ ಮೇಲಿನ ಮಚ್ಚೆ ಮಾಯ, ಹತ್ತು ವರ್ಷ ಚಿಕ್ಕವರಾಗಿದ್ದರು.

ಇದನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ. ಮೂಲ ಫೋಟೊವನ್ನು ಬೆಳೆಸಿದ ಚಿತ್ರದ ಮೇಲೆ ಸರಿಯಾಗಿ ಕೂರಿಸಿ, ಮೇಲಿನ ಲೇಯರಿನ ಬ್ಲೆಂಡ್ ಮೋಡನ್ನು ಡಿಫರೆನ್ಸ್ ಮಾಡಿ. ಎರಡೂ ಒಂದೇ ಇದ್ದ ಕಡೆ ಕಪ್ಪು ಕಾಣುತ್ತದೆ. ಬದಲಾದ ಕಡೆ ಬಣ್ಣ ಕಾಣುತ್ತದೆ, ಬದಲಾವಣೆ ಹೆಚ್ಚಾದಷ್ಟೂ ಜಾಸ್ತಿ ಹೊಳೆಯುತ್ತದೆ. ಜೋಡಣೆಯ ಗೆರೆಯಲ್ಲಿ ಸ್ವಲ್ಪ ಹೊಳೆದರೆ ಚಿಂತೆಯಿಲ್ಲ. ಕಣ್ಣು, ಬಾಯಿ, ಹಣೆ ಹೊಳೆದರೆ ಮೆಶಿನ್ ಮುಖಕ್ಕೆ ಕೈ ಹಾಕಿದೆ ಅಂತ ಅರ್ಥ. ಆಗ ಮೂಲ ಫೋಟೊವನ್ನೇ ಮೇಲಿಟ್ಟು ಉಳಿಸಿಕೊಂಡರಾಯಿತು, ಅಂಚು ಮಾತ್ರ ಮಸುಕು ಮಾಡಿ.

ಕಾಲಿನ ಸಂಕಟ ಹುಡುಗನಿಗೆ ಇನ್ನೂ ಹೋಗಿರಲಿಲ್ಲ. ಪೂರ್ತಿ ಫೋಟೊವನ್ನು ಬೇರೆ ಪೋಸ್ಟ್ ಆಗಿ ಹಾಕು, ಗೋಡೆಗೂ ಒಂದು ಪ್ರಿಂಟ್ ಕೊಡುತ್ತೇನೆ ಅಂದೆ. ಮರುದಿನ ಅವರಮ್ಮನನ್ನೂ ಕರೆದುಕೊಂಡು ಬಂದ. ಆಯಮ್ಮ ಫೋನ್ ಹತ್ತಿರ ಹಿಡಿದು, ಮುಖವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ, ವಿಭೂತಿ ಗೆರೆ ನೋಡಿದರು. ಮಚ್ಚೆ ನೋಡಿದರು. ಆಮೇಲೆ ಕೆಳಗೆ ಸರಿಸಿದರು. ಸೊಂಟಕ್ಕೆ ಚಿತ್ರ ಮುಗಿಯಿತು. ನಾನು ಬೈಗುಳಕ್ಕೆ ತಯಾರಾದೆ.

"ಆ ಹರಿದ ಹವಾಯಿ ಚಪ್ಪಲಿ ಕಾಣಂಗಿಲ್ಲ ಅಲ್ಲ, ಚಲೋ ಆತು ಬಿಡಪ್ಪ" ಅಂದರು. "ಹೊಸದು ತಗೊಳ್ರಿ ಅಂದ್ರೆ ಕೇಳ್ತಾನೇ ಇರಲಿಲ್ಲ."